ಭುಜ ಈ ವರ್ಷದ್ದು, ತೋಳು ಬರುವ ವರ್ಷದ್ದು

ಡಿಸೆಂಬರ್ ಬಂತೆಂದರೆ ಮಂಗಳೂರಿನ ಕಡೆಯ ನಮ್ಮವರಿಗೆ ರಾತ್ರಿ ಫ್ಯಾನ್ ಸ್ವಲ್ಪ ನಿಧಾನ ಮಾಡಿದರೆ ಸಾಕು. ಘಾಟಿ ಹತ್ತಿ ಮೂಡಿಗೆರೆ, ಕೊಪ್ಪ, ಬಾಳೆಹೊನ್ನೂರು ಕಡೆ ನೆಲೆಸಿದ ಬ್ಯಾರಿ ಮನೆಗಳ ಕಥೆಯೇ ಬೇರೆ. ಇಲ್ಲಿ ಬೆಳಿಗ್ಗೆ ಬಾಗಿಲು ತೆಗೆದರೆ ಎದುರಿನ ಕಾಫಿ ಗಿಡ ಕಾಣುವುದಿಲ್ಲ, ಅಷ್ಟು ಮಂಜು. ಮಕ್ಕಳು ಮೊದಲು ಮದ್ರಸಕ್ಕೆ ಹೋಗಬೇಕು, ಅಲ್ಲಿಂದ ಬಂದು ಚಹಾ ಕುಡಿದು ಶಾಲೆಗೆ ಹೋಗಬೇಕು. ದಿನದ ಅತಿ ಚಳಿಯ ಹೊತ್ತು ಯಾವುದೋ, ಅದೇ ಹೊತ್ತಿಗೆ ನಮ್ಮ ಮಕ್ಕಳು ದಾರಿಯಲ್ಲಿ ಇರುತ್ತಾರೆ. ಹಾಗಾಗಿ ಸ್ವೆಟರ್ ಎಂಬುದು ನಮಗೆ ಸಮವಸ್ತ್ರದ ಲೆಕ್ಕ ಮಾತ್ರ ಅಲ್ಲ, ನಿಜವಾಗಿ ಬೇಕಾದ ವಸ್ತು.

ಆದರೆ ಅದನ್ನು ಕೊಳ್ಳುವಾಗ ನಾವೆಲ್ಲ ಒಂದೇ ತಪ್ಪು ಮಾಡುತ್ತೇವೆ. ಅಂಗಡಿಯಲ್ಲಿ ಮಗುವಿಗೆ ಸರಿಯಾಗುವ ಸ್ವೆಟರ್ ತೊಡಿಸಿ ನೋಡಿ, ಅದನ್ನು ಮಡಚಿಟ್ಟು, "ಇದರಿಂದ ಎರಡು ಸೈಜ್ ದೊಡ್ಡದು ಕೊಡಿ ಕಾಕ, ಮಗು ಬೆಳೀತದೆ" ಎನ್ನುತ್ತೇವೆ. ಕಾಕನೂ ಮಾತಾಡದೆ ಕೊಡುತ್ತಾರೆ. ಅವರಿಗೇನು, ಯಾವ ಸೈಜ್ ಹೋದರೂ ವ್ಯಾಪಾರವೇ.

ನಾವೂ ಹಾಗೇ ಮಾಡಿದವರು. ನಮ್ಮ ಮಗ ನಾಲ್ಕನೇ ಕ್ಲಾಸಿನಲ್ಲಿರುವಾಗ ಎರಡು ಸೈಜ್ ದೊಡ್ಡ ಸ್ವೆಟರ್ ತಂದೆವು. ಭುಜದ ಹೊಲಿಗೆ ತೋಳಿನ ಮೇಲೆ ಇಳಿದಿತ್ತು, ಕೈಬೆರಳು ಕಾಣುತ್ತಿರಲಿಲ್ಲ, ಕುತ್ತಿಗೆಯ 'ವಿ' ಎಷ್ಟು ಕೆಳಗೆಂದರೆ ಅಂಗಿಯ ಮೂರನೇ ಗುಂಡಿಯೂ ಹೊರಗೆ. ಮನೆಯಲ್ಲಿ ನಾವೇ ನಕ್ಕು, "ಪರವಾಗಿಲ್ಲ, ಬರುವ ವರ್ಷ ಸರಿಯಾಗ್ತದೆ" ಎಂದು ಕಳಿಸಿದೆವು. ಅವನು ಒಂದು ವಾರ ಹಾಕಿದ. ಆಮೇಲೆ ಗೇಟು ದಾಟಿದ ಕೂಡಲೇ ತೆಗೆದು ಬ್ಯಾಗಿಗೆ ತುರುಕುತ್ತಿದ್ದ. ಇದು ನಮಗೆ ತಿಳಿದದ್ದು ಜನವರಿಯಲ್ಲಿ, ಶೀತ ಕೆಮ್ಮು ಹಿಡಿದ ಮೇಲೆ. "ಎಂತಕ್ಕೆ ಹಾಕುದಿಲ್ಲ ಮೋನೆ?" ಎಂದು ಅವನ ಉಮ್ಮ ಕೇಳಿದರೆ, "ಎಲ್ಲರೂ ನಿನ್ನ ಬಾಪನ ಸ್ವೆಟರ್ ಅಂತಾರೆ" ಎಂದ. ಇಡೀ ಚಳಿಗಾಲ ಸ್ವೆಟರ್ ಬೆಚ್ಚಗೆ ಬ್ಯಾಗಿನೊಳಗಿತ್ತು, ಹುಡುಗ ಹೊರಗೆ ನಡುಗುತ್ತಿದ್ದ.

ಕಥೆ ಅಲ್ಲಿಗೆ ಮುಗಿಯಲಿಲ್ಲ. ಮರುವರ್ಷ ಬೈದು ಹಾಕಿಸಿದೆವು. ಅದರ ಮರುವರ್ಷ, ಅಂದರೆ ಮೂರನೇ ಚಳಿಗಾಲಕ್ಕೆ, ಅದು ಅವನ ಮೈಗೆ ಸರಿಯಾಗಿ ಕೂರುವ ಹೊತ್ತಿಗೆ ಮೊಣಕೈ ತೆಳುವಾಗಿತ್ತು, ಮೈತುಂಬ ಸಣ್ಣ ಸಣ್ಣ ಉಂಡೆ ಎದ್ದಿತ್ತು, ಕೈಯ ಪಟ್ಟಿ ಹಿಡಿತ ಬಿಟ್ಟು ಗಂಟೆಯ ಬಾಯಿಯಂತೆ ಅಗಲವಾಗಿತ್ತು. ನಾವು ದುಡ್ಡು ಕೊಟ್ಟದ್ದು ಮೂರು ವರ್ಷಕ್ಕೆ ಬರಲಿ ಎಂದು. ಸಿಕ್ಕಿದ್ದು ಸರಿಯಾಗಿ ಒಂದು ವರ್ಷವೂ ಅಲ್ಲ.

ನಮ್ಮ ಅಭಿಪ್ರಾಯ ಇಷ್ಟೇ. ಬೆಳೆಯಲು ಜಾಗ ಬಿಟ್ಟು ಕೊಳ್ಳಬೇಕು, ಅದರಲ್ಲಿ ತಪ್ಪಿಲ್ಲ. ನಾಲ್ಕೈದು ಮಕ್ಕಳಿರುವ ಮನೆಯಲ್ಲಿ ಪ್ರತಿ ವರ್ಷ ಹೊಸತು ತರುವುದು ಯಾರಿಗೂ ಆಗುವ ಮಾತಲ್ಲ. ಆದರೆ ಆ ಜಾಗ ಎಲ್ಲಿ ಬಿಡಬೇಕು, ಎಷ್ಟು ಬಿಡಬೇಕು, ಎಷ್ಟು ಸಮಯಕ್ಕೆ ಬಿಡಬೇಕು ಎಂಬ ಲೆಕ್ಕ ಇಲ್ಲದೆ ಕೊಂಡರೆ ಅದು ಉಳಿತಾಯ ಅಲ್ಲ, ನಷ್ಟ.

ಮಗು ಎಷ್ಟು ಬೆಳೆಯುತ್ತದೆ?

ಐದಾರು ವರ್ಷದಿಂದ ಹತ್ತು ವರ್ಷದವರೆಗೆ ಮಕ್ಕಳು ಸಾಮಾನ್ಯವಾಗಿ ವರ್ಷಕ್ಕೆ 5ರಿಂದ 6 ಸೆಂಟಿಮೀಟರ್ ಎತ್ತರ ಆಗುತ್ತಾರೆ. ಎತ್ತರ ಅಷ್ಟು ಹೆಚ್ಚಾದರೆ ಕೈ ಉದ್ದವಾಗುವುದು ಸುಮಾರು 2 ಸೆಂಟಿಮೀಟರ್, ಅಂದರೆ ಹೆಚ್ಚುಕಡಿಮೆ ಒಂದು ಇಂಚು. ಎದೆಯ ಸುತ್ತಳತೆಯೂ ಒಂದು ಇಂಚಿನ ಆಸುಪಾಸು. ಭುಜದ ಅಗಲ ಮಾತ್ರ ಬಹಳ ನಿಧಾನ, ವರ್ಷಕ್ಕೆ ಅರ್ಧ ಇಂಚೂ ಆಗುವುದು ಕಷ್ಟ.

ಈ ಮೂರು ಅಳತೆಗಳಲ್ಲೇ ಎಲ್ಲ ಗುಟ್ಟು ಅಡಗಿದೆ. ಮಗು ಬೆಳೆಯುವುದು ಉದ್ದಕ್ಕೆ, ಅಗಲಕ್ಕೆ ಕಡಿಮೆ. ಆದರೆ ಅಂಗಡಿಯ ದೊಡ್ಡ ಸೈಜ್ ಎಲ್ಲ ಕಡೆಯೂ ಒಟ್ಟಿಗೆ ದೊಡ್ಡದಾಗಿರುತ್ತದೆ. ಎರಡು ಸೈಜ್ ಮೇಲೆ ಹೋದರೆ ತೋಳಿನ ಜೊತೆಗೆ ಭುಜವೂ ಒಂದು ಇಂಚು, ಕೆಲವೊಮ್ಮೆ ಅದಕ್ಕಿಂತ ಹೆಚ್ಚು ಅಗಲವಾಗಿಬಿಡುತ್ತದೆ. ತೋಳು ಉದ್ದವಾದರೆ ಮಡಚಬಹುದು, ಅಂಚು ಇಳಿದರೆ ಮಡಚಬಹುದು. ಭುಜ ಇಳಿದರೆ ಏನೂ ಮಾಡಲಿಕ್ಕಾಗುವುದಿಲ್ಲ. ನೋಡುವವರ ಕಣ್ಣಿಗೆ 'ದೊಡ್ಡಣ್ಣನ ಬಟ್ಟೆ' ಎಂದು ಕಾಣುವುದೂ ಭುಜದಿಂದಲೇ. ಭುಜದ ಹೊಲಿಗೆ ಭುಜದ ಎಲುಬಿನ ತುದಿಯಲ್ಲಿ ಕೂತಿದ್ದರೆ, ತೋಳು ಒಂದೂವರೆ ಇಂಚು ಹೆಚ್ಚಿದ್ದರೂ ಯಾರಿಗೂ ಗೊತ್ತಾಗುವುದಿಲ್ಲ. ಹೊಲಿಗೆ ಒಂದು ಇಂಚು ಕೆಳಗಿಳಿದರೆ, ತೋಳು ಸರಿಯಾಗಿದ್ದರೂ ಮಗು ಚೀಲದಲ್ಲಿ ಇಳಿಬಿಟ್ಟ ಹಾಗೆ ಕಾಣುತ್ತದೆ.

ಇನ್ನು ಸಮಯದ ಲೆಕ್ಕ. ಡಿಸೆಂಬರ್ ಮೊದಲ ವಾರ ಕೊಂಡ ಸ್ವೆಟರ್ ಈ ಚಳಿಗಾಲಕ್ಕೆ ಬೇಕು, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಲೆನಾಡಿನ ಮಳೆಗೆ ಬೇಕು, ಮತ್ತೆ ಬರುವ ಚಳಿಗಾಲಕ್ಕೆ ಬೇಕು. ಫೆಬ್ರವರಿ ಮುಗಿಯುವಾಗ ಸುಮಾರು ಹದಿನಾಲ್ಕು ಹದಿನೈದು ತಿಂಗಳು. ದಿನಾ ಹಾಕುವ ಶಾಲೆಯ ಸ್ವೆಟರ್‌ನ ಆಯುಷ್ಯವೂ ಹೆಚ್ಚುಕಡಿಮೆ ಅಷ್ಟೇ. ನಮ್ಮ ಕಡೆ ಸಿಗುವ ಶಾಲಾ ಸ್ವೆಟರ್‌ಗಳಲ್ಲಿ ಅಕ್ರಿಲಿಕ್ ನೂಲಿನದ್ದೇ ಹೆಚ್ಚು, ನಿಜವಾದ ಉಣ್ಣೆ ಅಪರೂಪ. ಅಕ್ರಿಲಿಕ್ ಅಗ್ಗ, ಒಗೆದರೆ ಕುಗ್ಗುವುದಿಲ್ಲ. ಆದರೆ ಬ್ಯಾಗಿನ ಪಟ್ಟಿ, ಡೆಸ್ಕಿನ ಅಂಚು ಉಜ್ಜಿ ಉಜ್ಜಿ ಉಂಡೆ ಏಳುತ್ತದೆ, ಪಟ್ಟಿಗಳು ಸಡಿಲವಾಗುತ್ತವೆ. ಎರಡು ಚಳಿಗಾಲ ಬಾಳುವ ಬಟ್ಟೆಗೆ ಮೂರನೇ ಚಳಿಗಾಲದ ಜಾಗ ಬಿಟ್ಟು ಏನು ಪ್ರಯೋಜನ? ಜಾಗ ಉಂಟು, ಬಟ್ಟೆ ಇಲ್ಲ ಎಂಬ ಸ್ಥಿತಿ. ಅದಕ್ಕೇ ಸ್ವೆಟರ್‌ಗೆ ಒಂದೇ ಸೈಜ್ ಹೆಚ್ಚು ಸಾಕು, ಎರಡು ಬೇಡ.

ಒಂದು ಟೇಪು, ಮೂರು ಸ್ವೆಟರ್

ಮಗನ ಪಾಠ ಕಲಿತ ಮೇಲೆ ಮಗಳಿಗೆ ಕೊಳ್ಳುವಾಗ ನಾವು ಅಳತೆ ಟೇಪು ಹಿಡಿದುಕೊಂಡೇ ಹೋದೆವು. ಅವಳಿಗೆ ಆಗ 9 ವರ್ಷ. ಮನೆಯಲ್ಲೇ ಶಾಲೆಯ ಅಂಗಿ ತೊಡಿಸಿ ಅಳತೆ ತೆಗೆದಿದ್ದೆವು. ಕಂಕುಳಿನ ಕೆಳಗೆ ಎದೆಯ ಸುತ್ತ 25 ಇಂಚು. ಬೆನ್ನ ಹಿಂದೆ ಒಂದು ಭುಜದ ತುದಿಯಿಂದ ಇನ್ನೊಂದು ತುದಿಗೆ ಹನ್ನೊಂದೂವರೆ. ಭುಜದ ತುದಿಯಿಂದ ಮಣಿಕಟ್ಟಿನ ಎಲುಬಿನವರೆಗೆ, ಕೈ ಸ್ವಲ್ಪ ಮಡಚಿ ಹಿಡಿದು ಅಳೆದರೆ, 17.

ಸ್ವೆಟರ್‌ಗೆ ಬರೆದ ನಂಬರ್ ನಂಬಬೇಡಿ ಎಂಬುದು ನಾವು ಕಲಿತ ಮೊದಲ ಪಾಠ. ಒಬ್ಬ ತಯಾರಕನ 28 ಎಂದರೆ ಮಗುವಿನ ಎದೆ ಅಳತೆ, ಇನ್ನೊಬ್ಬನ 28 ಎಂದರೆ ಸ್ವೆಟರ್‌ನದೇ ಸುತ್ತಳತೆ. ಹಾಗಾಗಿ ಸ್ವೆಟರ್ ಅನ್ನೇ ಮೇಜಿನ ಮೇಲೆ ಎಳೆಯದೆ ಚಪ್ಪಟೆ ಹಾಸಿ ಅಳೆಯಬೇಕು. ಒಂದು ಕಂಕುಳಿನಿಂದ ಇನ್ನೊಂದಕ್ಕೆ ಎಷ್ಟು ಬರುತ್ತದೋ ಅದರ ಎರಡರಷ್ಟು ಅದರ ಸುತ್ತಳತೆ. ಅಂಗಿಯ ಮೇಲೆ ಹಾಕುವ ಸ್ವೆಟರ್ ಆರಾಮವಾಗಿ ಕೂರಬೇಕಾದರೆ ಮಗುವಿನ ಎದೆಗಿಂತ ಅದು 3 ಇಂಚು ಹೆಚ್ಚಿರಬೇಕು. 5 ಇಂಚಿನವರೆಗೆ ನೋಡಲು ಚೆನ್ನಾಗಿಯೇ ಇರುತ್ತದೆ. ಅದಕ್ಕಿಂತ ಮೇಲೆ ಹೋದರೆ ಮಡಿಕೆ ಬೀಳುತ್ತದೆ.

ಅಂಗಡಿಯಲ್ಲಿ ಮೂರು ಸೈಜ್ ತೆಗೆಸಿದೆವು. ಮೊದಲನೆಯದರ ಸುತ್ತಳತೆ 28, ಭುಜ ಹನ್ನೊಂದೂವರೆ, ತೋಳು ಹದಿನೇಳೂವರೆ. ಇವತ್ತಿಗೆ ಇದು ಹೇಳಿ ಮಾಡಿಸಿದ ಹಾಗೆ. ಆದರೆ ಬರುವ ಚಳಿಗಾಲಕ್ಕೆ ಎದೆ 26 ಆದಾಗ ಉಳಿಯುವುದು 2 ಇಂಚು, ತೋಳು ಮಣಿಕಟ್ಟಿನಿಂದ ಮೇಲೆ. ಮೂರನೆಯದರ ಸುತ್ತಳತೆ 32, ಭುಜ ಹನ್ನೆರಡೂಮುಕ್ಕಾಲು, ತೋಳು ಹತ್ತೊಂಬತ್ತೂವರೆ. ಇವತ್ತಿಗೆ ಎದೆಯಲ್ಲಿ 7 ಇಂಚು ಗಾಳಿ, ಭುಜ ಎರಡೂ ಬದಿಗೆ ಅರ್ಧ ಇಂಚಿಗಿಂತ ಹೆಚ್ಚು ಇಳಿದಿತ್ತು. ಇದು ಮಗನ ಕಥೆಯೇ ಮತ್ತೆ.

ನಡುವಿನದ್ದು ಸುತ್ತಳತೆ 30, ಭುಜ 12, ತೋಳು ಹದಿನೆಂಟೂವರೆ. ಇವತ್ತು ಎದೆಯಲ್ಲಿ 5 ಇಂಚು ಸಡಿಲ, ಬರುವ ಚಳಿಗಾಲಕ್ಕೆ 4. ಭುಜ ಎರಡೂ ಬದಿಗೆ ಕಾಲಿಂಚು ಮಾತ್ರ ಹೆಚ್ಚು, ಕಣ್ಣಿಗೆ ಕಾಣುವುದಿಲ್ಲ. ತೋಳು ಒಂದೂವರೆ ಇಂಚು ಉದ್ದ. ಅದನ್ನು ಮಡಚಿದರೆ ಆಯಿತು. ಅದನ್ನೇ ಕೊಂಡೆವು.

ಈ ಮಡಚುವುದರಲ್ಲಿಯೂ ಒಂದು ವಿಷಯ ಉಂಟು. ನಾವು ಸಾಮಾನ್ಯವಾಗಿ ಕೈಯ ಪಟ್ಟಿಯನ್ನು ಹೊರಗೆ ಮಡಚುತ್ತೇವೆ. ಆಗ ದಪ್ಪ ಬಳೆ ಹಾಕಿದ ಹಾಗೆ ಕಂಡು, ಸ್ವೆಟರ್ ದೊಡ್ಡದು ಎಂದು ದೂರದಿಂದಲೇ ಸಾರುತ್ತದೆ. ಆಟದಲ್ಲಿ ಬಿಚ್ಚಿಯೂ ಹೋಗುತ್ತದೆ. ಒಳಗೆ ಮಡಚಬೇಕು. ಪಟ್ಟಿಯ ಅರ್ಧವನ್ನು ಒಳಗೆ ತಿರುಗಿಸಿ, ಅದೇ ಬಣ್ಣದ ನೂಲಿನಿಂದ ತೋಳಿನ ಹೊಲಿಗೆ ಇರುವಲ್ಲಿ ಒಂದು, ಎದುರು ಬದಿಯಲ್ಲಿ ಒಂದು, ಹೀಗೆ ಎರಡೇ ಕಡೆ ಸಡಿಲವಾಗಿ ಕುತ್ತಿ ಬಿಡಬೇಕು. ಸುತ್ತಲೂ ಬಿಗಿಯಾಗಿ ಹೊಲಿದರೆ ಪಟ್ಟಿ ಹಿಗ್ಗದೆ ಕೈ ನುಗ್ಗುವುದಿಲ್ಲ, ನೂಲೂ ಕಡಿಯುತ್ತದೆ. ಮಳೆಗಾಲ ಕಳೆದ ಮೇಲೆ ಆ ಎರಡು ಕುತ್ತು ಬಿಚ್ಚಿದರೆ ಒಂದು ಇಂಚಿನ ಮೇಲೆ ತೋಳು ಸಿಕ್ಕಿತು.

ಕೆಳಗಿನ ಉದ್ದ ನೋಡುವುದೂ ಸುಲಭ. ಸ್ವೆಟರ್‌ನ ಅಂಚಿನ ಪಟ್ಟಿ ಸೊಂಟದ ಎಲುಬಿನ ಸ್ವಲ್ಪ ಕೆಳಗೆ ಹಿಡಿದು ನಿಲ್ಲಬೇಕು. ಅದು ಹಿಡಿಯುವಷ್ಟು ಕಾಲ ಮೇಲಿನ ಬಟ್ಟೆ ಸ್ವಲ್ಪ ಹೆಚ್ಚಿದ್ದರೂ ಅಲ್ಲೇ ಕೂರುತ್ತದೆ. ಪಟ್ಟಿ ಜಾರಿ ಕುಂಡೆಯ ಕೆಳಗೆ ಇಳಿದರೆ ಅದು ಸ್ವೆಟರ್ ಅಲ್ಲ, ಫ್ರಾಕು. ಕೊಳ್ಳುವಾಗಲೇ ಪಟ್ಟಿಯನ್ನು ಎರಡು ಕೈಯಲ್ಲಿ ಎಳೆದು ಬಿಟ್ಟು ನೋಡಿ. ಕೂಡಲೇ ಮೊದಲಿನ ಅಗಲಕ್ಕೆ ಬಂದರೆ ಒಳ್ಳೆಯದು, ಸೋತು ನಿಂತರೆ ಬಿಟ್ಟುಬಿಡಿ. ಬೆಳೆಯಲು ಬಿಟ್ಟ ಜಾಗವನ್ನು ಮರೆಮಾಡುವುದೇ ಆ ಪಟ್ಟಿ.

ಇನ್ನೊಂದು ಮಾತು. ತಲೆಗೆ ಶಾಲು ಹಾಕುವ ಹುಡುಗಿಯರಿಗೆ ಶಾಲು ಹಾಕಿಕೊಂಡೇ ತೊಡಿಸಿ ನೋಡಬೇಕು. ಶಾಲಿನ ತುದಿ ಒಳಗೆ ಹೋದಾಗ ಕುತ್ತಿಗೆಯ ಹತ್ತಿರ ದಪ್ಪವಾಗಿ, ಸರಿಯಿದ್ದ ಸ್ವೆಟರ್ ಬಿಗಿಯಾಗುತ್ತದೆ. ಅದಕ್ಕೆ ಪರಿಹಾರ ಮೇಲಿನ ಸೈಜ್ ಅಲ್ಲ, ತೆಳುವಾದ ಶಾಲು ಅಥವಾ ಮುಂದೆ ಗುಂಡಿ ಇರುವ ಸ್ವೆಟರ್.

ಬ್ಲೇಜರ್ ಲೆಕ್ಕ ಬೇರೆ

ಸ್ವೆಟರ್‌ಗೆ ಹೇಳಿದ್ದನ್ನು ಬ್ಲೇಜರ್‌ಗೆ ಹಾಗೇ ಹೇಳಲಿಕ್ಕಾಗುವುದಿಲ್ಲ. ಸ್ವೆಟರ್ ಹಿಗ್ಗುತ್ತದೆ, ಬ್ಲೇಜರ್ ಹಿಗ್ಗುವುದಿಲ್ಲ. ಸ್ವೆಟರ್‌ನ ಬೆಲೆಗೆ ಎರಡು ಮೂರು ಪಟ್ಟು ಕೊಡಬೇಕು. ಆದರೆ ಬ್ಲೇಜರ್‌ಗೆ ಕೆಲಸ ಕಡಿಮೆ. ಮಧ್ಯಾಹ್ನ ಬಿಸಿಲು ಬಂದ ಕೂಡಲೇ ಕುರ್ಚಿಯ ಮೇಲೆ ಹೋಗುತ್ತದೆ, ಮಳೆಗಾಲದಲ್ಲಿ ಹಾಕುವುದಿಲ್ಲ. ಜೋಪಾನ ಮಾಡಿದರೆ ಬಟ್ಟೆ ಮೂರು ನಾಲ್ಕು ವರ್ಷ ಬಾಳುತ್ತದೆ. ಹಾಗಾಗಿ ಇಲ್ಲಿ ಬೆಳವಣಿಗೆಗೆ ಜಾಗ ಬಿಡುವುದಕ್ಕೆ ನಿಜವಾದ ಅರ್ಥ ಉಂಟು. ಆ ಜಾಗ ಹೊರಗೆ ಕಾಣಬಾರದು, ಬಟ್ಟೆಯ ಒಳಗೆ ಅಡಗಿರಬೇಕು.

ನಮ್ಮೂರಿನ ಟೈಲರ್ ಕಾಕ ಒಬ್ಬರು ಹೇಳಿದ ಮಾತು ನಮಗೆ ಮರೆಯುವುದಿಲ್ಲ. "ತೋಳು ಬೇಕಾದರೆ ಇಳಿಸಿ ಕೊಡ್ತೇನೆ, ಬದಿ ಬೇಕಾದರೆ ಬಿಚ್ಚಿ ಕೊಡ್ತೇನೆ. ಭುಜ ತಂದು ನನ್ನ ಎದುರು ಇಡಬೇಡಿ, ಅದು ಹೊಸ ಕೋಟು ಹೊಲಿದ ಹಾಗೆ." ಬ್ಲೇಜರ್‌ನ ಭುಜದಲ್ಲಿ ಪ್ಯಾಡ್, ಒಳಗೆ ಅಂಟಿಸಿದ ಗಟ್ಟಿ ಬಟ್ಟೆ, ಲೈನಿಂಗ್, ಕಾಲರ್ ಎಲ್ಲ ಒಂದಕ್ಕೊಂದು ಸೇರಿರುತ್ತದೆ. ಅದನ್ನು ಬಿಚ್ಚಿ ಸರಿಮಾಡುವ ಕೂಲಿ ಕೇಳಿದರೆ ಹೊಸತೇ ವಾಸಿ ಎನಿಸುತ್ತದೆ. ಆದ್ದರಿಂದ ಬ್ಲೇಜರ್ ಆರಿಸುವುದು ಭುಜದಿಂದ. ಒಳಗೆ ಸ್ವೆಟರ್ ಹಾಕುವ ಮಗುವಾದರೆ ಸ್ವೆಟರ್ ಹಾಕಿಯೇ ತೊಡಿಸಿ. ಭುಜದ ಪ್ಯಾಡ್ ಮಗುವಿನ ಭುಜದಿಂದ ಹೊರಗೆ ಅರ್ಧ ಇಂಚಿಗಿಂತ ಹೆಚ್ಚು ಚಾಚಬಾರದು. ಮಗುವನ್ನು ಗೋಡೆಗೆ ಬದಿಯಾಗಿ ನಿಲ್ಲಿಸಿ, ಭುಜ ಗೋಡೆಗೆ ತಾಗಿಸಿ ನೋಡಿ. ಮಗುವಿನ ತೋಳು ಗೋಡೆಗೆ ತಾಗುವ ಮೊದಲೇ ಪ್ಯಾಡ್ ತಾಗಿ ಮುದುಡಿದರೆ ಅದು ದೊಡ್ಡದು. ಹಿಂದಿನಿಂದ ಕಾಲರ್ ನೋಡಿ. ಅಂಗಿಯ ಕಾಲರ್‌ನಿಂದ ಅದು ಬಿಟ್ಟು ನಿಂತರೆ ಅದೂ ದೊಡ್ಡದೇ.

ಭುಜ ಸರಿಯಾಯಿತು ಎಂದ ಮೇಲೆ ತೋಳನ್ನು ಒಳಹೊರಗು ಮಾಡಿ ನೋಡಬೇಕು. ಅಂಗಡಿಯಲ್ಲಿ ಇದನ್ನು ಯಾರೂ ಮಾಡುವುದಿಲ್ಲ, ಆದರೆ ಇದೇ ಮುಖ್ಯ. ತೋಳಿನ ತುದಿಯಲ್ಲಿ ಬಟ್ಟೆ ಒಳಗೆ ಎಷ್ಟು ಮಡಚಿದೆ ಎಂದು ಬೆರಳಿನಿಂದ ಮುಟ್ಟಿ ನೋಡಿ. ಒಂದೂವರೆ ಇಂಚು ಒಳಮಡಿಕೆ ಇದ್ದರೆ ಮುಂದೆ ಒಂದು ಇಂಚು ಇಳಿಸಬಹುದು, ಅಂದರೆ ಹೆಚ್ಚುಕಡಿಮೆ ಒಂದು ವರ್ಷದ ಬೆಳವಣಿಗೆ. ಅರ್ಧ ಇಂಚು ಮಾತ್ರ ಇದ್ದರೆ ಇಳಿಸಲು ಏನೂ ಇಲ್ಲ. ಬೆಲೆ ಒಂದೇ ಇರುವ ಎರಡು ಬ್ಲೇಜರ್‌ಗಳಲ್ಲಿ ಒಳಮಡಿಕೆ ಹೆಚ್ಚಿರುವುದೇ ನಿಜವಾಗಿ ಅಗ್ಗ. ಹಾಗೆಯೇ ಬದಿಯ ಹೊಲಿಗೆಯಲ್ಲಿ ಲೈನಿಂಗ್ ಮೇಲಿಂದಲೇ ಒತ್ತಿ ನೋಡಿದರೆ ಒಳಗೆ ಬಿಟ್ಟ ಬಟ್ಟೆ ಕೈಗೆ ಸಿಗುತ್ತದೆ.

ಭುಜ ಸರಿಯಿರುವ ಬ್ಲೇಜರ್‌ನಲ್ಲಿ ತೋಳು ಒಂದು ಇಂಚು ಉದ್ದವಾಗಿದ್ದರೆ ಸಂತೋಷಪಡಿ. ಟೈಲರ್ ಹತ್ತಿರ ಒಂದು ಇಂಚು ಒಳಗೆ ಮಡಚಿಸಿ. ಆದರೆ ಎರಡು ಮಾತು ಬಾಯಿಬಿಟ್ಟು ಹೇಳಿ: "ಬಟ್ಟೆ ಕತ್ತರಿಸಬೇಡಿ, ಲೈನಿಂಗೂ ಕತ್ತರಿಸಬೇಡಿ." ನಾವು ಇದನ್ನು ಹೇಳದೆ ಒಮ್ಮೆ ಕೊಟ್ಟು, ಚೆಂದ ಕಾಣಲಿ ಎಂದು ಅವರು ಕತ್ತರಿಸಿ ಕೊಟ್ಟರು. ತಪ್ಪು ನಮ್ಮದೇ. ಮೆಷಿನ್ ಹೊಲಿಗೆಗಿಂತ ಕೈಯಲ್ಲಿ ಹೆಮ್ಮಿಂಗ್ ಮಾಡಿಸಿದರೆ ಬಿಚ್ಚುವಾಗ ತೂತಿನ ಸಾಲು ಉಳಿಯುವುದಿಲ್ಲ. ವರ್ಷದ ನಂತರ ಇಳಿಸುವಾಗ ಹಳೆಯ ಮಡಿಕೆಯ ಗೆರೆ ಸ್ವಲ್ಪ ಕಾಣಬಹುದು. ಕಡು ನೀಲಿ, ಕಪ್ಪು ಬಣ್ಣದಲ್ಲಿ ಅಷ್ಟಾಗಿ ಕಾಣುವುದಿಲ್ಲ, ತಿಳಿ ಬಣ್ಣದಲ್ಲಿ ಕಾಣುತ್ತದೆ. ಒಂದೇ ಸಲ ಇಳಿಸಿ ಮುಗಿಸಿದರೆ ಗೆರೆ ಒಂದೇ ಇರುತ್ತದೆ.

ಗುಂಡಿಯನ್ನು ಸರಿಸುವುದೂ ಒಂದು ಉಪಾಯ. ಮೊದಲ ವರ್ಷ ಮುಂದಿನ ಗುಂಡಿಗಳನ್ನು ಅರ್ಧ ಇಂಚು ಒಳಗೆ ಹಾಕಿಸಿದರೆ ಸೊಂಟದಲ್ಲಿ ಸಡಿಲ ಕಾಣುವುದಿಲ್ಲ, ಮರುವರ್ಷ ಹಳೆಯ ಜಾಗಕ್ಕೆ ತಂದರಾಯಿತು. ಅರ್ಧ ಇಂಚಿಗಿಂತ ಹೆಚ್ಚು ಸರಿಸಿದರೆ ಮುಂಭಾಗ ಓರೆಯಾಗಿ ಎಳೆಯುತ್ತದೆ.

ಬ್ಲೇಜರ್‌ನ ಕೆಳಗಿನ ಉದ್ದವನ್ನು ಮಾತ್ರ ಆಮೇಲೆ ಹೆಚ್ಚಿಸಲಿಕ್ಕೆ ಆಗುವುದಿಲ್ಲ. ಮುಂದಿನ ಮೂಲೆ ದುಂಡಗೆ ಕತ್ತರಿಸಿರುತ್ತದೆ, ಹಿಂದೆ ಸೀಳು ಇರುತ್ತದೆ, ಒಳಗೆ ಬಟ್ಟೆ ಬಿಟ್ಟಿರುವುದಿಲ್ಲ. ಹಾಗಾಗಿ ಅಲ್ಲಿ ಸ್ವಲ್ಪ ಉದ್ದ ಈಗಲೇ ಒಪ್ಪಿಕೊಳ್ಳಬೇಕು. ಮಗು ಕೈ ಇಳಿಬಿಟ್ಟು ನಿಂತಾಗ ಅಂಚು ಹೆಬ್ಬೆರಳಿನ ತುದಿಯವರೆಗೆ ಬಂದರೆ ಉದ್ದದ ಕಡೆಗಿದ್ದರೂ ಕೋಟಿನ ಹಾಗೇ ಕಾಣುತ್ತದೆ. ಬೆರಳುಗಳೆಲ್ಲ ಒಳಗೆ ಮುಳುಗಿದರೆ ಬೇಡ.

ಲೆಕ್ಕ ತಪ್ಪುವ ವಯಸ್ಸು

ಮೇಲೆ ಹೇಳಿದ್ದೆಲ್ಲ ಚಿಕ್ಕ ಮಕ್ಕಳಿಗೆ. ಒಂದು ಹಂತದಲ್ಲಿ ಈ ಲೆಕ್ಕ ಕೆಲಸ ಮಾಡುವುದಿಲ್ಲ. ಹುಡುಗಿಯರು ಹತ್ತು ಹನ್ನೆರಡರ ನಡುವೆ, ಹುಡುಗರು ಹನ್ನೆರಡು ಹದಿನಾಲ್ಕರ ನಡುವೆ ಒಮ್ಮೆಲೇ ಏರುತ್ತಾರೆ. ಆ ಒಂದು ವರ್ಷದಲ್ಲಿ 8, 9 ಸೆಂಟಿಮೀಟರ್ ಎತ್ತರ ಆದರೂ ಆಶ್ಚರ್ಯವಿಲ್ಲ. ಮೊದಲು ಕೈಕಾಲು ಉದ್ದವಾಗುತ್ತದೆ, ಆಮೇಲೆ ಹುಡುಗರಿಗೆ ಭುಜವೂ ಅಗಲವಾಗುತ್ತದೆ. ಆಗ ಭುಜ ಸರಿ ನೋಡಿ ಕೊಂಡ ಬ್ಲೇಜರೂ ವರ್ಷದೊಳಗೆ ಬಿಗಿಯಾಗಬಹುದು.

ಇದು ಶುರುವಾಗಿದೆ ಎಂದು ತಿಳಿಯುವುದು ಕಷ್ಟವಲ್ಲ. ಬಾಗಿಲ ಪಕ್ಕದ ಗೋಡೆಯ ಮೇಲೆ ಜೂನ್‌ನಲ್ಲೊಂದು, ಡಿಸೆಂಬರ್‌ನಲ್ಲೊಂದು ಪೆನ್ಸಿಲ್ ಗೀರು ಹಾಕಿ. ಆ ಆರು ತಿಂಗಳಲ್ಲಿ 3 ಸೆಂಟಿಮೀಟರ್ ಆಗಿದ್ದರೆ ಮಾಮೂಲು. 4, 5 ಆಗಿದ್ದರೆ ಓಟ ಶುರುವಾಗಿದೆ ಎಂದರ್ಥ. ಶೂ ಒಂದೇ ವರ್ಷದಲ್ಲಿ ಎರಡು ಸಲ ಬಿಗಿಯಾದರೆ, ಜೂನ್‌ನಲ್ಲಿ ಹೊಲಿಸಿದ ಪ್ಯಾಂಟು ನವೆಂಬರ್‌ಗೆ ಕಣಕಾಲು ತೋರಿಸಿದರೆ ಅದೂ ಅದೇ ಸುದ್ದಿ.

ಆ ವಯಸ್ಸಿನಲ್ಲಿ ಹೊಸ ಬ್ಲೇಜರ್‌ಗೆ ದೊಡ್ಡ ದುಡ್ಡು ಹಾಕಬೇಡಿ ಎಂಬುದು ನಮ್ಮ ಸಲಹೆ. ಎಷ್ಟೇ ದೊಡ್ಡದು ಕೊಂಡರೂ ಮೊದಲು ಜೋಲುತ್ತದೆ, ಆಮೇಲೆ ಒಮ್ಮೆಲೇ ಸಾಲುವುದಿಲ್ಲ, ನಡುವೆ ಸರಿಯಾಗಿ ಕೂರುವ ದಿನಗಳೇ ಕಡಿಮೆ. ಆ ಒಂದೆರಡು ವರ್ಷಕ್ಕೆ ದೊಡ್ಡಮ್ಮನ ಮಗನದ್ದೋ ನೆರೆಮನೆಯ ಹುಡುಗನದ್ದೋ ಹಳೆಯ ಬ್ಲೇಜರ್ ಸಿಕ್ಕಿದರೆ ತೊಳೆಸಿ ಹಾಕಿಸಿ. ಹುಡುಗನ ಭುಜ ಒಂದು ಹದಕ್ಕೆ ಬಂದ ಮೇಲೆ ಹೊಸತು ತೆಗೆಯಬಹುದು.

ಬಿಟ್ಟ ಜಾಗ ಉಳಿಯಬೇಕಾದರೆ

ಸರಿಯಾದ ಸೈಜ್ ತಂದರೂ ಒಗೆಯುವುದರಲ್ಲಿ ಕೆಡಿಸುತ್ತೇವೆ. ನೆನೆದ ಸ್ವೆಟರ್ ಅನ್ನು ಹಗ್ಗಕ್ಕೆ ನೇತು ಹಾಕಿದರೆ ನೀರಿನ ಭಾರಕ್ಕೆ ಉದ್ದಕ್ಕೆ ಜೋತುಬೀಳುತ್ತದೆ, ತೋಳು ಎರಡು ಇಂಚು ಇಳಿಯುತ್ತದೆ. ಆಮೇಲೆ ಸೈಜ್ ದೊಡ್ಡದಾಯಿತು ಎಂದು ಅಂಗಡಿಯವರನ್ನು ದೂರುತ್ತೇವೆ. ಟವಲಿನಲ್ಲಿ ಸುತ್ತಿ ಒತ್ತಿ ನೀರು ತೆಗೆದು, ಚಾಪೆಯ ಮೇಲೆ ಚಪ್ಪಟೆ ಹಾಸಬೇಕು. ಮಳೆಗಾಲದಲ್ಲಿ ಒಣಗುವುದಿಲ್ಲ ಎಂದು ಒಲೆಯ ಮೇಲೆ ಕಟ್ಟುವವರಿದ್ದಾರೆ. ಅಕ್ರಿಲಿಕ್ ಬಿಸಿಗೆ ಸೋತು ಹಿಗ್ಗುತ್ತದೆ, ಬೆಂಕಿ ತಾಗಿದರೆ ಕರಗಿ ಉರಿಯುತ್ತದೆ. ಇಸ್ತ್ರಿಯೂ ಬೇಡ. ಅಪ್ಪಟ ಉಣ್ಣೆಯದ್ದಾದರೆ ಬಿಸಿನೀರು ಬೇಡ, ಕುಗ್ಗಿ ಕಂಬಳಿಯಾಗುತ್ತದೆ. ಬ್ಲೇಜರ್ ಅನ್ನು ಬಕೆಟಿಗೆ ಹಾಕಿದರೆ ಒಳಗೆ ಅಂಟಿಸಿದ ಬಟ್ಟೆ ಬಿಟ್ಟು ಎದೆಯ ಮೇಲೆ ಗುಳ್ಳೆ ಬರುತ್ತದೆ, ಅದನ್ನು ಸರಿಮಾಡಲಿಕ್ಕಾಗುವುದಿಲ್ಲ. ಡ್ರೈಕ್ಲೀನ್ ವರ್ಷಕ್ಕೊಮ್ಮೆ ಸಾಕು, ನಡುವೆ ಒದ್ದೆ ಬಟ್ಟೆಯಿಂದ ಒರೆಸಿ ಗಾಳಿಗೆ ಹಾಕಿ.

ಮದ್ರಸಕ್ಕೆ ಶಾಲೆಯ ಸ್ವೆಟರ್ ಬೇಡ ಎಂಬುದು ಇನ್ನೊಂದು ಮಾತು. ಬೆಳಗಿನ ಮಂಜಿನಲ್ಲಿ ಒದ್ದೆಯಾಗಿ, ಅದೇ ಒದ್ದೆಯಲ್ಲಿ ಶಾಲೆಗೆ ಹೋಗಿ, ಎರಡು ಪಟ್ಟು ಸವೆಯುತ್ತದೆ. ಸೈಜ್ ಮೀರಿದ ಕಳೆದ ವರ್ಷದ ಸ್ವೆಟರ್, ತೋಳು ಸ್ವಲ್ಪ ಗಿಡ್ಡವಾದರೂ, ಆ ಒಂದು ಒಂದೂವರೆ ಗಂಟೆಗೆ ಸಾಕು.

ಕೊನೆಗೆ ನಮ್ಮ ಜನರೇ ನಡೆಸುವ ಶಾಲೆಗಳ ಆಡಳಿತದವರಿಗೆ ಎರಡು ವಿನಂತಿ ಉಂಟು. ಬ್ಲೇಜರ್‌ನ ಲಾಂಛನವನ್ನು ಬಟ್ಟೆಯ ಮೇಲೆಯೇ ಕಸೂತಿ ಮಾಡಿಸುವ ಬದಲು ಬಿಡಿಯಾಗಿ ಕೊಡಿ, ಜೇಬಿಗೆ ನಾವೇ ಹೊಲಿಸಿಕೊಳ್ಳುತ್ತೇವೆ. ಆಗ ಅಣ್ಣನ ಬ್ಲೇಜರ್ ಬೇರೆ ಶಾಲೆಗೆ ಹೋಗುವ ತಮ್ಮನಿಗೂ ಆಗುತ್ತದೆ. ಮತ್ತೆ, ಒಟ್ಟಿಗೆ ಆರ್ಡರ್ ಕೊಡುವಾಗ ತಯಾರಿಸುವವರಿಗೆ ತೋಳಿನಲ್ಲಿ ಎರಡು ಇಂಚು ಒಳಮಡಿಕೆ ಬಿಡಲು ಹೇಳಿ. ಒಂದು ಬ್ಲೇಜರ್‌ಗೆ ಹೆಚ್ಚಾಗುವ ಬಟ್ಟೆ ಒಂದು ಅಂಗೈ ಅಗಲವೂ ಇಲ್ಲ. ಪೋಷಕರಿಗೆ ಉಳಿಯುವುದು ಒಂದು ವರ್ಷ.

ನಮ್ಮ ಮಗಳ ಆ ಸ್ವೆಟರ್ ಎರಡು ಚಳಿಗಾಲ, ನಡುವೆ ಒಂದು ಮಳೆಗಾಲ ಮುಗಿಸಿತು. ಬ್ಯಾಗಿನೊಳಗೆ ಅದು ಹೋದದ್ದು ಮಧ್ಯಾಹ್ನದ ಬಿಸಿಲಿಗೆ ಮಾತ್ರ. ಈಗ ಅದನ್ನು ಹಾಕಿ ತಮ್ಮ ಮದ್ರಸಕ್ಕೆ ಹೋಗುತ್ತಿದ್ದಾನೆ, ತೋಳು ಒಳಗೆ ಮಡಚಿ, ಎರಡು ಕಡೆ ಕುತ್ತಿ.